ಪರ್ಸನಲ್ ನಂಬರ್ ಊರಿಗೆಲ್ಲ ಹಂಚಿಹೋಗಿದೆ. ವರ್ಚುವಲ್ ನಂಬರ್ ತಗೊಳ್ಳಲಾ, ಇನ್ನೊಂದು ಸಿಮ್ ಸಾಕಾ?

ಕಾಡಿಗೆ_ಡಬ್ಬಿ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮದುವೆ ಮೇಕಪ್ ಮಾಡುತ್ತೇನೆ. ಪಾರ್ಲರ್ ಇಲ್ಲ, ಬ್ಯಾಗ್ ಹಾಕಿಕೊಂಡು ಛತ್ರಕ್ಕೇ ಹೋಗುತ್ತೇನೆ. ಆರು ವರ್ಷದಿಂದ ಒಂದೇ ನಂಬರ್, ಕಾಲೇಜಿಗೆ ಸೇರಿದಾಗ ಅಪ್ಪ ಕೊಡಿಸಿದ್ದು. ಇನ್‌ಸ್ಟಾಗ್ರಾಂನಲ್ಲಿ ಅದೇ, ವಿಸಿಟಿಂಗ್ ಕಾರ್ಡ್‌ನಲ್ಲಿ ಅದೇ, ಬ್ಯಾಂಕಿನಲ್ಲಿ ಅದೇ, ಮಗಳ ಸ್ಕೂಲ್ ಗ್ರೂಪ್‌ನಲ್ಲೂ ಅದೇ.

ಹೋದ ತಿಂಗಳು ಒಂದು ರಿಸೆಪ್ಷನ್ ಮಾಡಿಕೊಟ್ಟೆ. ಹುಡುಗಿಯ ಕಡೆಯ ಯಾರೋ ಒಬ್ಬ ಎರಡು ದಿನ ಬಿಟ್ಟು ರಾತ್ರಿ ಹನ್ನೆರಡಕ್ಕೆ "ಹಾಯ್" ಕಳಿಸಿದ. ಬ್ಲಾಕ್ ಮಾಡಿದೆ. ಇನ್ನೊಂದು ನಂಬರಿನಿಂದ ಬಂದ. ಆಮೇಲೆ "ಪಾಪು ನಿಮ್ಮ ಹಾಗೇ ಇದೆ" ಅಂದ. ನನ್ನ ಡಿಪಿಯಲ್ಲಿ ಮಗಳ ಫೋಟೋ ಇತ್ತು. ಅವತ್ತು ನಿದ್ದೆ ಬರಲಿಲ್ಲ.

ಯೂಟ್ಯೂಬ್‌ನಲ್ಲಿ "ಫ್ರೀ ವರ್ಚುವಲ್ ನಂಬರ್" ಅಂತ ಬೇಕಾದಷ್ಟು ವಿಡಿಯೋ ಇವೆ. ಅದು ಕೆಲಸಕ್ಕೆ ಬರುತ್ತಾ? ಅಥವಾ ಇನ್ನೊಂದು ಸಿಮ್ ತಗೊಂಡು ಎಲ್ಲ ಕಡೆ ನಂಬರ್ ಬದಲಿಸಬೇಕಾ? ಗಿರಾಕಿಗಳು ಕೈತಪ್ಪಿ ಹೋಗುತ್ತಾರೆ ಅನ್ನೋ ಭಯವೂ ಇದೆ. ಸೀಸನ್ ಮುಂದಿದೆ.

ಹುಬ್ಳಿ_ಮಂದಿ

ಇನ್ನೊಂದು ಸಿಮ್ ತಗೋರಿ, ಮುಗೀತು. ಇದಕ್ಕ ಇಷ್ಟ್ ಉದ್ದ ಪೋಸ್ಟ್ ಯಾಕ್ರೀ?

ಎಡಿಸನ್_ಮಾವ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಸೈಡ್‌ನಲ್ಲಿ ಟ್ಯಾಕ್ಸ್ ಫೈಲಿಂಗ್ ಮಾಡಿಕೊಡುತ್ತೇನೆ. ಗೂಗಲ್ ವಾಯ್ಸ್ ನಂಬರ್ ಇಟ್ಟುಕೊಂಡಿದ್ದೇನೆ. ಕ್ಲೈಂಟ್ ಅದಕ್ಕೆ ಮಾಡುತ್ತಾರೆ, ನನ್ನ ಫೋನ್ ರಿಂಗ್ ಆಗುತ್ತದೆ, ವಾಪಸ್ ಮಾಡಿದರೂ ಅದೇ ನಂಬರ್ ಕಾಣುತ್ತದೆ. ಒಂದು ಡಾಲರ್ ಖರ್ಚಿಲ್ಲ. ಅದನ್ನೇ ತಗೊಳ್ಳಮ್ಮ.

ಸಪ್ತಪದಿ_ಸ್ಟುಡಿಯೋ

ಮದುವೆ ಫೋಟೋಗ್ರಾಫರ್ ಇಲ್ಲಿ. ನನ್ನ ಐಡಿಯಾ ಕೇಳಿ. ಹೊಸ ಸಿಮ್ ತಗೊಂಡೆ, ಬಿಸಿನೆಸ್ ವಾಟ್ಸಾಪ್‌ಗೆ ಓಟಿಪಿ ಹಾಕಿದೆ, ಸಿಮ್ ತೆಗೆದು ಡ್ರಾಯರ್‌ಗೆ ಹಾಕಿದೆ. ವಾಟ್ಸಾಪ್ ವೈಫೈನಲ್ಲೇ ನಡೆಯುತ್ತದೆ, ರೀಚಾರ್ಜೇ ಬೇಡ. ಎಂಟು ತಿಂಗಳಾಯಿತು, ಏನೂ ಆಗಿಲ್ಲ.

ಕಾಲ್_ರೂಟು

ಎರಡೂ ಉತ್ತರದಲ್ಲಿ ಎಡವಟ್ಟಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಬೆಂಗಳೂರಿನಲ್ಲಿ ಒಂದು ಕ್ಲೌಡ್ ಟೆಲಿಫೋನಿ ಕಂಪನಿಯಲ್ಲಿ ನಾಲ್ಕು ವರ್ಷ ಸಪೋರ್ಟ್‌ನಲ್ಲಿದ್ದೆ. ಇದೇ ಪ್ರಶ್ನೆ ದಿನಾ ಬರುತ್ತಿತ್ತು.

ಎಡಿಸನ್ ಮಾವ ಹೇಳಿದ ಗೂಗಲ್ ವಾಯ್ಸ್ ಅಮೆರಿಕದಲ್ಲಿ ಸರಿ. ನಮ್ಮಲ್ಲಿ ಅದು ಭಾರತದ ನಂಬರ್ ಕೊಡುವುದಿಲ್ಲ. ಯೂಟ್ಯೂಬ್‌ನ ಫ್ರೀ ಆ್ಯಪ್‌ಗಳು ಕೊಡುವುದೂ ಹೊರದೇಶದ ನಂಬರೇ. ದಾವಣಗೆರೆಯ ಮದುಮಗಳ ಅಪ್ಪನ ಫೋನಿಗೆ +1 ಅಂತ ಬಂದರೆ ಎತ್ತುತ್ತಾರಾ? ಅವರು ನಿಮಗೆ ಮಾಡಿದರೆ ಐಎಸ್‌ಡಿ ಚಾರ್ಜ್. ಇನ್ನೂ ದೊಡ್ಡ ತೊಂದರೆ ಅಂದರೆ ಆ ನಂಬರ್ ನಿಮ್ಮದಲ್ಲ. ಸ್ವಲ್ಪ ದಿನ ಬಳಸದಿದ್ದರೆ ಆ್ಯಪ್‌ನವರು ವಾಪಸ್ ತಗೊಂಡು ಬೇರೆಯವರಿಗೆ ಕೊಡುತ್ತಾರೆ. ಅವರು ಅದೇ ನಂಬರಿಗೆ ವಾಟ್ಸಾಪ್ ಓಟಿಪಿ ಕೇಳಿದರೆ ನಿಮ್ಮ ಬಿಸಿನೆಸ್ ಅಕೌಂಟ್ ಅವರ ಕೈಗೆ ಹೋಗುತ್ತದೆ.

ನಮ್ಮ ದೇಶದಲ್ಲಿ ನಿಜವಾದ ವರ್ಚುವಲ್ ನಂಬರ್ ಸಿಗುವುದು ವ್ಯಾಪಾರದ ಹೆಸರಿನಲ್ಲಿ, ಕೆವೈಸಿ ಕೊಟ್ಟ ಮೇಲೆ. ಹೆಚ್ಚಾಗಿ 080 ಥರದ ಲ್ಯಾಂಡ್‌ಲೈನ್ ಸೀರೀಸ್. ಗಿರಾಕಿ 080ಗೆ ಮಾಡಿದರೆ ಕಾಲ್ ಮೊದಲು ಸರ್ವರ್‌ಗೆ ಬರುತ್ತದೆ, ಸರ್ವರ್ ನಿಮ್ಮ ಮೊಬೈಲ್‌ಗೆ ಇನ್ನೊಂದು ಕಾಲ್ ಮಾಡಿ ಎರಡನ್ನೂ ಜೋಡಿಸುತ್ತದೆ. ನೀವು ವಾಪಸ್ ಮಾಡುವಾಗ ಡಯಲ್ ಪ್ಯಾಡ್‌ನಿಂದ ಮಾಡುವ ಹಾಗಿಲ್ಲ. ಅವರ ಆ್ಯಪ್‌ನಲ್ಲಿ ಒತ್ತಬೇಕು. ಮೊದಲು ನಿಮ್ಮ ಫೋನ್ ರಿಂಗ್ ಆಗುತ್ತದೆ, ನೀವು ಎತ್ತಿದ ಮೇಲೆ ಗಿರಾಕಿಗೆ ರಿಂಗ್. ಛತ್ರದ ಗದ್ದಲದಲ್ಲಿ ನಿಂತು ಇದನ್ನು ಮರೆತು ಒಮ್ಮೆ ನೇರವಾಗಿ ಡಯಲ್ ಮಾಡಿದಿರಿ ಅಂದುಕೊಳ್ಳಿ, ನಿಮ್ಮ ಪರ್ಸನಲ್ ನಂಬರ್ ಅವರ ಕಾಲ್ ಲಿಸ್ಟ್‌ನಲ್ಲಿ ಕೂತಿತು. ಜೊತೆಗೆ ತಿಂಗಳ ಬಾಡಿಗೆ. ಮೂರು ನಾಲ್ಕು ಜನರ ಟೀಮ್ ಇದ್ದು, ಯಾರಾದರೊಬ್ಬರು ಎತ್ತಲಿ ಅಂದರೆ ಅದು ಲಾಭ. ಒಬ್ಬರೇ ಇದ್ದರೆ ಎರಡನೇ ಸಿಮ್ ಸಾಕು.

ಅದಕ್ಕೂ ಮುಂಚೆ ಇವತ್ತೇ ರಾತ್ರಿ ಒಂದು ಕೆಲಸ ಮಾಡಿ. ವಾಟ್ಸಾಪ್ ಪ್ರೈವಸಿಗೆ ಹೋಗಿ ಪ್ರೊಫೈಲ್ ಫೋಟೋ ಯಾರಿಗೆ ಕಾಣಬೇಕು ಅನ್ನೋದನ್ನು "ನನ್ನ ಸಂಪರ್ಕಗಳು" ಅಂತ ಮಾಡಿ. ಹಾಗೇ ಬಿಟ್ಟಿದ್ದರೆ ಅದು ಎಲ್ಲರಿಗೂ ಕಾಣುತ್ತಿರುತ್ತದೆ.

ಕಾಡಿಗೆ_ಡಬ್ಬಿ

ಡಿಪಿ ಈಗಲೇ ಬದಲಿಸಿದೆ. ಥ್ಯಾಂಕ್ಸ್ ಸರ್. 080 ನಂಬರ್ ಬೇಡ ಬಿಡಿ, ನನ್ನ ಗಿರಾಕಿಗಳು ಲೋನ್ ಕಾಲ್ ಅಂದುಕೊಂಡು ಕಟ್ ಮಾಡುತ್ತಾರೆ.

ತುಂಗಾ_ತೀರ

ಲೋನ್ ಕಾಲ್ ಅಂದಿದ್ದಕ್ಕೆ ನೆನಪಾಯಿತು. ನನಗೂ ದಿನಕ್ಕೆ ಹತ್ತು ಬರುತ್ತವೆ. ಎರಡನೇ ಸಿಮ್ ತಗೊಂಡರೆ ಇವು ನಿಲ್ಲುತ್ತಾವಾ?

ಕಾಲ್_ರೂಟು

ಇಲ್ಲ, ಅದು ಬೇರೆ ರೋಗ. 1909ಕ್ಕೆ `START 0` ಅಂತ ಎಸ್‌ಎಂಎಸ್ ಕಳಿಸಿ ಡಿಎನ್‌ಡಿ ಹಾಕಿಸಿ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆ ಆಗುತ್ತವೆ.

ಟ್ಯೂಷನ್_ಮಿಸ್_ಮೈಸೂರು

ಎಲ್ಲರೂ "ಹೊಸ ಸಿಮ್ ಕೆಲಸಕ್ಕೆ" ಅನ್ನುತ್ತಿದ್ದೀರಿ. ನಾನು ಉಲ್ಟಾ ಮಾಡಿದೆ. ಹಳೇ ನಂಬರ್ ಹೇಗೂ ಊರಿಗೆಲ್ಲ ಗೊತ್ತಾಗಿ ಹೋಗಿದೆ. ಅದನ್ನು ಮತ್ತೆ ಗುಟ್ಟು ಮಾಡೋಕೆ ಆಗಲ್ಲ, ಅಲ್ವಾ? ಹಾಗಾಗಿ ಅದನ್ನೇ ಕೆಲಸಕ್ಕೆ ಬಿಟ್ಟುಬಿಟ್ಟೆ. ಹೊಸ ನಂಬರ್ ಮನೆಯವರಿಗೆ, ಇಬ್ಬರು ಗೆಳತಿಯರಿಗೆ, ಮಗನ ಸ್ಕೂಲಿಗೆ. ಒಟ್ಟು ಇಪ್ಪತ್ತೈದು ಜನ. ನಾಲ್ಕುನೂರು ಪೇರೆಂಟ್ಸ್‌ಗೆ "ನನ್ನ ನಂಬರ್ ಬದಲಾಗಿದೆ" ಅಂತ ಹೇಳುವುದಕ್ಕಿಂತ ಇಪ್ಪತ್ತೈದು ಜನಕ್ಕೆ ಹೇಳುವುದು ಸುಲಭ. ಒಂದು ಅಡ್ಮಿಷನ್ನೂ ಕೈತಪ್ಪಲಿಲ್ಲ.

ಸಪ್ತಪದಿ_ಸ್ಟುಡಿಯೋ

ಹಳೇ ನಂಬರ್ ಬ್ಯಾಂಕ್, ಆಧಾರ್ ಎಲ್ಲದಕ್ಕೂ ಲಿಂಕ್ ಇರುತ್ತದೆ ಮಿಸ್. ಅದನ್ನು ಊರಿಗೆ ಬಿಟ್ಟರೆ ಹೇಗೆ?

ಟ್ಯೂಷನ್_ಮಿಸ್_ಮೈಸೂರು

ಆರು ವರ್ಷದಿಂದ ಊರಲ್ಲೇ ಇದೆಯಲ್ಲ ಸರ್, ಈಗ ಹೊಸದಾಗಿ ಏನು ಬಿಡುವುದು? ಸಿಮ್ ನನ್ನ ಫೋನಿನಲ್ಲೇ ಇದೆ, ಓಟಿಪಿ ನನಗೇ ಬರುತ್ತದೆ.

ಪಾಸ್‌ಬುಕ್

ಬ್ಯಾಂಕಿನಲ್ಲಿ ಕೌಂಟರ್ ನೋಡುವವನು ನಾನು. ಮಿಸ್ ಹೇಳಿದ್ದು ಮುಕ್ಕಾಲು ಸರಿ. ನಂಬರ್ ಗೊತ್ತಾದ ಮಾತ್ರಕ್ಕೆ ದುಡ್ಡು ಹೋಗುವುದಿಲ್ಲ. ಆದರೆ ಯಾರ ಖಾತೆಗೆ ಯಾವ ನಂಬರ್ ಅಂತ ಗೊತ್ತಿದ್ದರೆ ನಕಲಿ ದಾಖಲೆ ಕೊಟ್ಟು ಡೂಪ್ಲಿಕೇಟ್ ಸಿಮ್ ತೆಗೆಸಲು ನೋಡುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ನಿಮ್ಮ ಫೋನಿನಲ್ಲಿ ಇದ್ದಕ್ಕಿದ್ದಂತೆ ನೆಟ್‌ವರ್ಕ್ ಹೋಗಿ, ಪಕ್ಕದವರದು ಸರಿ ಇದ್ದು, ಫೋನ್ ಆಫ್ ಮಾಡಿ ಆನ್ ಮಾಡಿದರೂ ಬರದಿದ್ದರೆ ಕಾಯಬೇಡಿ. ಬೇರೆ ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ಹೇಳಿ. ಅದಕ್ಕೇ ನನ್ನ ಪ್ರಕಾರ ಹಳೇ ನಂಬರ್ ಕೆಲಸಕ್ಕೆ ಬಿಟ್ಟರೆ ಬ್ಯಾಂಕನ್ನು ಹೊಸ ನಂಬರಿಗೆ ತರಬೇಕು.

ಟ್ಯೂಷನ್_ಮಿಸ್_ಮೈಸೂರು

ಬ್ಯಾಂಕು, ಆಧಾರ್, ಪ್ಯಾನ್, ಗ್ಯಾಸು, ಎಲ್‌ಐಸಿ... ಎಲ್ಲ ಬದಲಿಸುತ್ತಾ ಕೂತರೆ ಪಾಠ ಯಾವಾಗ ಮಾಡುವುದು ಸರ್. ನಾನಂತೂ ಮಾಡಿಲ್ಲ.

ಕುಂಚ_ಉಡುಪಿ

ಅಯ್ಯೋ, ಯಾರೂ ಯುಪಿಐ ವಿಷಯ ಎತ್ತಲಿಲ್ಲ ಮಾರಾಯ್ರೆ. ನಾನು ಚಿತ್ರ ಬಿಡಿಸಿಕೊಡುವವಳು, ಮದುವೆ ಕರೆಯೋಲೆ, ಪುಸ್ತಕದ ಮುಖಪುಟ ಎಲ್ಲ. ಎರಡು ವರ್ಷ ಹಿಂದೆಯೇ ಎರಡನೇ ಸಿಮ್ ತಗೊಂಡು ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಒಂದು ದಿನ ಕ್ಲೈಂಟ್ ಒಬ್ಬರು ನೇರ ನನ್ನ ಮನೆ ನಂಬರಿಗೆ ಫೋನ್ ಮಾಡಿದರು. "ಎಲ್ಲಿ ಸಿಕ್ಕಿತು" ಅಂತ ಕೇಳಿದರೆ "ಅಡ್ವಾನ್ಸ್ ಹಾಕಿದೆನಲ್ಲ, ಅದರಲ್ಲೇ ಇತ್ತು" ಅಂದರು.

ಆಮೇಲೆ ನೋಡಿದೆ. ನಾನು ಕಳಿಸುತ್ತಿದ್ದ ಕ್ಯೂಆರ್ ಕೋಡನ್ನು ಪೇಮೆಂಟ್ ಆ್ಯಪ್ ಬಿಟ್ಟು ಸುಮ್ನೆ ಒಂದು ಸಾದಾ ಕ್ಯೂಆರ್ ರೀಡರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಹೀಗೆ ಬರುತ್ತದೆ (ನಂಬರ್ ಅಳಿಸಿದ್ದೇನೆ):

```
upi://pay?pa=9XXXXXXXXX@ybl&pn=...
```

`pa=` ಆದ ಮೇಲೆ ಇರುವುದೇ ನನ್ನ ಯುಪಿಐ ಐಡಿ. ಅದು ನನ್ನ ಪರ್ಸನಲ್ ಮೊಬೈಲ್ ನಂಬರೇ! ದುಡ್ಡು ಹಾಕಿದವರ ಹಿಸ್ಟರಿಯಲ್ಲೂ ಅದೇ ಐಡಿ ಕಾಣುತ್ತದೆ. ಎರಡು ವರ್ಷ ನಾನೇ ಕೈಯಾರೆ ಹಂಚಿದ್ದು.

ಕಾಡಿಗೆ_ಡಬ್ಬಿ

ಅಯ್ಯೋ ದೇವರೇ. ಈಗ ಸ್ಕ್ಯಾನ್ ಮಾಡಿ ನೋಡಿದೆ. ನನ್ನದೂ ಹಾಗೇ ಇದೆ. ಮೇಕಪ್ ಬಾಕ್ಸ್ ಮುಚ್ಚಳದ ಮೇಲೇ ಆ ಸ್ಟಿಕ್ಕರ್ ಅಂಟಿಸಿದ್ದೇನೆ. ಪ್ರತಿ ಛತ್ರದಲ್ಲೂ ತೆರೆದು ಇಟ್ಟಿರುತ್ತೇನೆ.

ಹಾಗಾದರೆ ಯುಪಿಐನ ಹೊಸ ಸಿಮ್‌ಗೆ ಹಾಕಿಬಿಡಲಾ?

ಪಾಸ್‌ಬುಕ್

ಬರೀ ಸಿಮ್ ತಂದರೆ ಆಗುವುದಿಲ್ಲ ಮೇಡಂ. ಯುಪಿಐ ಆ್ಯಪ್ ಶುರು ಮಾಡುವಾಗ ನಿಮ್ಮ ಫೋನಿನಿಂದಲೇ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ, ನೋಡಿರುತ್ತೀರಿ. ಆ ಎಸ್‌ಎಂಎಸ್ ಯಾವ ಸಿಮ್‌ನಿಂದ ಹೋಯಿತೋ ಆ ನಂಬರಿಗೆ ಲಿಂಕ್ ಆದ ಖಾತೆಗಳು ಮಾತ್ರ ಬರುತ್ತವೆ. ಖಾತೆ ಹಳೇ ನಂಬರಿನಲ್ಲಿದ್ದರೆ ಹೊಸ ಸಿಮ್‌ನಲ್ಲಿ ಖಾತೆಯೇ ಸಿಗುವುದಿಲ್ಲ. ಆ್ಯಪ್‌ನಿಂದ ಸಿಗುವ ವರ್ಚುವಲ್ ನಂಬರ್ ಇಲ್ಲಿ ಲೆಕ್ಕಕ್ಕೇ ಇಲ್ಲ, ಎಸ್‌ಎಂಎಸ್ ಕಳಿಸಲು ಸಿಮ್ ಬೇಕಲ್ಲ.

ನಿಮಗೆ ಸುಲಭದ ದಾರಿ ಐಡಿ ಬದಲಿಸುವುದು. ಯುಪಿಐ ಸೆಟ್ಟಿಂಗ್‌ನಲ್ಲಿ ಇನ್ನೊಂದು ಯುಪಿಐ ಐಡಿ ಮಾಡುವ ಅವಕಾಶ ಇರುತ್ತದೆ. ಹೆಸರೋ ಅಂಗಡಿ ಹೆಸರೋ ಹಾಕಿ, ಅದನ್ನು ಮುಖ್ಯ ಐಡಿ ಮಾಡಿ. ನಿಮ್ಮ ಆ್ಯಪ್ ಬಿಡದಿದ್ದರೆ ಇನ್ನೊಂದು ಆ್ಯಪ್‌ನಲ್ಲಿ ಅದೇ ಖಾತೆ ಸೇರಿಸಿ ನೋಡಿ, ಕೆಲವು ಶುರುವಿನಲ್ಲೇ ಹೆಸರಿನ ಐಡಿ ಕೊಡುತ್ತವೆ. ಆಮೇಲೆ ಹೊಸ ಕ್ಯೂಆರ್ ತೆಗೆಯಿರಿ. ಹಳೇ ಸ್ಟಿಕ್ಕರ್ ಕಿತ್ತು ಬಿಸಾಕಿ, ಅದರಲ್ಲಿ ಹಳೇ ಐಡಿ ಹಾಗೇ ಇರುತ್ತದೆ. ಹೊಸದನ್ನು ಉಡುಪಿಯವರು ಹೇಳಿದ ಹಾಗೆ ಸ್ಕ್ಯಾನ್ ಮಾಡಿ ನೋಡಿ ಅಂಟಿಸಿ.

ಒಂದು ಮಾತು. ದುಡ್ಡು ಹಾಕುವವರಿಗೆ ಖಾತೆಯಲ್ಲಿರುವ ನಿಮ್ಮ ಹೆಸರು ಕಂಡೇ ಕಾಣುತ್ತದೆ. ಅದನ್ನು ಮುಚ್ಚಲು ಆಗುವುದಿಲ್ಲ.

ಕಾಲ್_ರೂಟು

ಈಗ ಸಪ್ತಪದಿಯವರ ಡ್ರಾಯರ್ ಸಿಮ್ ವಿಷಯ. ಸರ್, ದಯವಿಟ್ಟು ಇವತ್ತೇ ಅದನ್ನು ಫೋನಿಗೆ ಹಾಕಿ ನೋಡಿ. ಪ್ರೀಪೇಯ್ಡ್ ಸಿಮ್ 90 ದಿನ ಏನೂ ಬಳಕೆ ಇಲ್ಲದೆ, ಬ್ಯಾಲೆನ್ಸ್ 20 ರೂಪಾಯಿಗಿಂತ ಕಡಿಮೆ ಇದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಬಂದ್ ಆದ ನಂಬರ್ ಸ್ವಲ್ಪ ಕಾಲ ಬಿಟ್ಟು ಬೇರೆಯವರಿಗೆ ಹೋಗುತ್ತದೆ. 2023ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಇದೇ ವಿಷಯ ಬಂದಾಗ ಟ್ರಾಯ್ ಹೇಳಿದ್ದು, ಕನಿಷ್ಠ 90 ದಿನ ಹೊಸಬರಿಗೆ ಕೊಡುವುದಿಲ್ಲ ಅಂತ. ಎಂಟು ತಿಂಗಳು ಅಂದರೆ ಎರಡೂ ಗಡುವು ದಾಟಿದ ಹಾಗೆ.

ಸಪ್ತಪದಿ_ಸ್ಟುಡಿಯೋ

ಹಾಕಿ ನೋಡಿದೆ. "ನೋ ಸರ್ವಿಸ್". ಆದರೆ ವಾಟ್ಸಾಪ್ ಇನ್ನೂ ನಡೆಯುತ್ತಿದೆಯಲ್ಲ?

ಕಾಲ್_ರೂಟು

ಹೊಸ ಮಾಲೀಕ ಇನ್ನೂ ವಾಟ್ಸಾಪ್ ಹಾಕಿಲ್ಲ, ಅಷ್ಟೇ. ಅವನು ಹಾಕಿದ ದಿನ ನೀವು ಹೊರಗೆ. ಟೂ-ಸ್ಟೆಪ್ ಪಿನ್ ಇದ್ದರೆ ಕೆಲವು ದಿನ ತಡೆಯುತ್ತದೆ, ಆಮೇಲೆ ಅದೂ ಇಲ್ಲ. ಇನ್ನೊಂದು. 2025ರ ನವೆಂಬರ್ ಕೊನೆಯಲ್ಲಿ ಟೆಲಿಕಾಂ ಇಲಾಖೆ ಮೆಸೇಜಿಂಗ್ ಆ್ಯಪ್‌ಗಳಿಗೆ ಒಂದು ಆದೇಶ ಕೊಟ್ಟಿದೆ. ಯಾವ ನಂಬರಿನಲ್ಲಿ ಅಕೌಂಟ್ ಇದೆಯೋ ಆ ಸಿಮ್ ಫೋನಿನಲ್ಲಿ ಚಾಲ್ತಿಯಲ್ಲಿ ಇರಲೇಬೇಕು ಅಂತ. ಅದರ ಪ್ರಕಾರ ನೋಡಿದರೆ ಡ್ರಾಯರ್ ಸಿಮ್ ಮೇಲೆ ವ್ಯಾಪಾರ ಕಟ್ಟುವ ಹಾಗೇ ಇಲ್ಲ.

ರೀಚಾರ್ಜ್ ಖರ್ಚು ಉಳಿಸಬೇಕಾದರೆ ಡೇಟಾ ಇಲ್ಲದ, ಬರೀ ಕಾಲ್-ಎಸ್‌ಎಂಎಸ್ ಪ್ಯಾಕ್ ಕೇಳಿ. ಟ್ರಾಯ್ ಹೇಳಿದ ಮೇಲೆ 2025ರ ಜನವರಿಯಿಂದ ಕಂಪನಿಗಳು ಕೊಡುತ್ತಿವೆ. ಇಂಟರ್ನೆಟ್ ಹೇಗೂ ಇನ್ನೊಂದು ಸಿಮ್‌ನದ್ದು ಸಾಕು.

ಸಪ್ತಪದಿ_ಸ್ಟುಡಿಯೋ

ಸಿಮ್ ಕಂಪನಿ ಅಂಗಡಿಗೆ ಹೊರಟೆ. ಆಲ್ಬಮ್ ಮೇಲೆಲ್ಲ ಆ ನಂಬರ್ ಪ್ರಿಂಟ್ ಆಗಿದೆ 😬

ಹುಬ್ಳಿ_ಮಂದಿ

ನಮ್ಮ ಸೋದರಮಾವನ ಮಗನ ಹೆಸರ್‌ನಾಗ ಒಂದ್ ಸಿಮ್ ಐತಿ, ಸುಮ್ನ ಬಿದ್ದೈತಿ. ಅಂಥದ್ದೊಂದು ಇದ್ರ ಹೊಸಾದ್ ಯಾಕ್ ತಗೊಳ್ಳೋದು?

ಪಾಸ್‌ಬುಕ್

ಬೇಡ ಸರ್. ನಾಳೆ ಸಿಮ್ ಕಳೆದರೆ ಡೂಪ್ಲಿಕೇಟ್‌ಗೆ ಅವನೇ ಬರಬೇಕು. ಅವನು ದುಬೈಗೆ ಹೋದರೆ ನಿಮ್ಮ ವ್ಯಾಪಾರವೂ ದುಬೈಗೆ ಹೋಯಿತು. ಒಬ್ಬರ ಹೆಸರಲ್ಲಿ 9 ಸಿಮ್‌ವರೆಗೆ ಇರಬಹುದು, ನಿಮ್ಮ ಹೆಸರಲ್ಲೇ ತಗೊಳ್ಳಿ. ಈಗಾಗಲೇ ಎಷ್ಟಿವೆ ಅಂತ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಬಹುದು. ನನ್ನ ಹೆಸರಲ್ಲಿ ನನಗೇ ಗೊತ್ತಿಲ್ಲದ ಒಂದಿತ್ತು!

ಮಲ್ಲಿಗೆ_ದಂಡೆ

ಎರಡು ಸಿಮ್ ಇಟ್ಟುಕೊಂಡವರಿಗೆ ನನ್ನ ಅನುಭವ. ನಾನು ಮೆಹಂದಿ ಹಾಕುತ್ತೇನೆ. ಕೈ ತುಂಬ ಕೋನ್ ಹಿಡಿದಿರುವಾಗ ಗಿರಾಕಿಯ ಮಿಸ್ಡ್ ಕಾಲ್ ನೋಡಿ ಒತ್ತಿದೆ, ಅದು ಮನೆ ಸಿಮ್‌ನಿಂದ ಹೋಯಿತು. ಒಂದೇ ಒಂದು ಕಾಲ್. ಈಗ ಆಯಮ್ಮ ಎರಡೂ ನಂಬರಿಗೆ ಮಾಡುತ್ತಾರೆ. ಇದಾದ ಮೇಲೆ ಫೋನಿನ ಸಿಮ್ ಸೆಟ್ಟಿಂಗ್‌ನಲ್ಲಿ ಕಾಲ್‌ಗೆ ಕೆಲಸದ ಸಿಮ್ಮನ್ನೇ ಡಿಫಾಲ್ಟ್ ಮಾಡಿದೆ. ಮನೆಯವರಿಗೆ ತಪ್ಪಿ ಕೆಲಸದ ನಂಬರಿನಿಂದ ಹೋದರೆ ನಷ್ಟ ಇಲ್ಲ, ಉಲ್ಟಾ ಆದರೆ ನಷ್ಟ.

ಇನ್ನೊಂದು ಕಿರಿಕಿರಿ. ಗಿರಾಕಿ ಹತ್ತಿರ ಮಾತಾಡುತ್ತಿರುವಾಗ ಇನ್ನೊಂದು ಸಿಮ್ ಸತ್ತ ಹಾಗೆ ಇರುತ್ತದೆ. ಅಮ್ಮ ಮಾಡಿದರೆ "ಸ್ವಿಚ್ ಆಫ್" ಅಂತ ಬರುತ್ತದೆ. ಅರ್ಧ ಗಂಟೆ ಬ್ರೈಡಲ್ ಡಿಸೈನ್ ಚರ್ಚೆ ಆದರೆ ಅಮ್ಮ ಅಣ್ಣನಿಗೆ ಫೋನ್ ಮಾಡಿ ಗಾಬರಿ ಮಾಡಿರುತ್ತಾರೆ.

ತುಂಗಾ_ತೀರ

ಕೆಲಸದ ಸಿಮ್ಮನ್ನು ಕಾಲ್ ಫಾರ್ವರ್ಡ್ ಮಾಡಿ ಮನೆ ಸಿಮ್‌ಗೆ ತಿರುಗಿಸಿದರೆ? ಒಂದೇ ಸಿಮ್ ಫೋನಿನಲ್ಲಿದ್ದರೆ ಸಾಕು.

ಕಾಲ್_ರೂಟು

ಬರುವ ಕಾಲ್ ತಿರುಗುತ್ತದೆ. ಆದರೆ ನೀವು ವಾಪಸ್ ಮಾಡುವುದು ಮನೆ ಸಿಮ್‌ನಿಂದಲೇ ಅಲ್ವಾ? ಅಲ್ಲಿಗೆ ಗುಟ್ಟು ರಟ್ಟು. ಎಸ್‌ಎಂಎಸ್ ತಿರುಗುವುದಿಲ್ಲ. ಮೇಲಾಗಿ ಆ ಸಿಮ್ ಎಲ್ಲೋ ಒಂದು ಕಡೆ ಚಾಲ್ತಿಯಲ್ಲಿ ಇರಲೇಬೇಕು.

ರಾಗಿ_ಮುದ್ದೆ

ಇಷ್ಟೆಲ್ಲ ಯಾಕೆ ಗುರು. ಯಾರಾದರೂ ಕೆಟ್ಟದಾಗಿ ಮೆಸೇಜ್ ಮಾಡಿದರೆ ಬ್ಲಾಕ್ ಮಾಡಿ. ಬಿಸಿನೆಸ್ ಅಂದ ಮೇಲೆ ನಂಬರ್ ಕೊಡಲೇಬೇಕು.

ಮಲ್ಲಿಗೆ_ದಂಡೆ

ಮೊದಲ ಪೋಸ್ಟ್ ಓದಿದಿರಾ? ಬ್ಲಾಕ್ ಮಾಡಿದ ಮೇಲೆ ಇನ್ನೊಂದು ನಂಬರಿನಿಂದ ಬಂದ ಅಂತ ಬರೆದಿದ್ದಾರೆ.

ರಾಗಿ_ಮುದ್ದೆ

ಸರಿ ಸರಿ. ಆದರೆ ಒಂದು ಕೇಳುತ್ತೇನೆ. ಎರಡನೇ ಸಿಮ್‌ನಲ್ಲೂ ಹೆಸರು ಕಾಣುತ್ತದಲ್ಲ? ಕಾಲರ್ ಐಡಿ ಆ್ಯಪ್‌ನಲ್ಲಿ ನನ್ನ ಹೊಸ ನಂಬರ್ ಎರಡೇ ವಾರದಲ್ಲಿ "ಮಂಜ ಪ್ಲಂಬರ್ ಸಾಲ" ಅಂತ ಬರುತ್ತಿತ್ತು. ನಾನು ಪ್ಲಂಬರ್ ಅಲ್ಲ, ಸಾಲವೂ ಮಾಡಿಲ್ಲ.

ಕಾಲ್_ರೂಟು

😂 ಆ ನಂಬರಿನ ಹಳೇ ಮಾಲೀಕ ಮಂಜ. ಅಂಥ ಆ್ಯಪ್‌ಗಳಿಗೆ ಹೆಸರು ಸಿಗುವುದೇ ಜನ ಸೇವ್ ಮಾಡಿಕೊಂಡ ರೀತಿಯಿಂದ. ಹಾಗಾಗಿ ಕಾಡಿಗೆ ಡಬ್ಬಿಯವರೇ, ನಿಮ್ಮ ಹೊಸ ನಂಬರನ್ನು ಯಾರೋ ನೆಂಟರು "ಮೇಕಪ್ ಅಕ್ಕ" ಅಂತ ಸೇವ್ ಮಾಡಿದರೆ ಅದೇ ಹೆಸರು ಹೊರಗೆ ಕಾಣಬಹುದು. ಹೆಸರು ತೆಗೆಸುವ ಅರ್ಜಿ ಇದೆ, ಟ್ರೂಕಾಲರ್‌ನಲ್ಲಿ ಅನ್‌ಲಿಸ್ಟ್ ಅಂತ ಹುಡುಕಿ.

ಇದಕ್ಕಿಂತ ಮುಖ್ಯವಾದದ್ದು ಬೇರೆ. ಆ್ಯಪ್ ಇಲ್ಲದೆಯೇ, ಸಿಮ್ ತಗೊಳ್ಳುವಾಗ ಫಾರಂನಲ್ಲಿ ಕೊಟ್ಟ ಹೆಸರೇ ಕಾಲ್ ಬಂದಾಗ ಕಾಣಬೇಕು ಅಂತ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಸಿಎನ್ಎಪಿ ಅನ್ನುತ್ತಾರೆ. ಅದು ಎಲ್ಲ ಕಡೆ ಬಂದರೆ ಎರಡನೇ ಸಿಮ್ ನಿಮ್ಮ ನಂಬರ್ ಮುಚ್ಚುತ್ತದೆ, ಹೆಸರನ್ನಲ್ಲ.

ಕುಂಚ_ಉಡುಪಿ

ಹಾಗಾದರೆ ಗಂಡನ ಹೆಸರಿನ ಸಿಮ್ಮೇ ಒಳ್ಳೆಯದೋ ಏನೋ. ಮೇಕಪ್‌ಗೆ ಅಂತ ಫೋನ್ ಮಾಡಿದರೆ "ರಾಘವೇಂದ್ರ" ಅಂತ ಬರಲಿ!

ಪಾಸ್‌ಬುಕ್

ಮತ್ತೆ ಅದೇ ಡೂಪ್ಲಿಕೇಟ್ ಸಿಮ್ ಕಥೆ. ಗಂಡ ಅಂದರೆ ದುಬೈ ಮಗನಿಗಿಂತ ಪರವಾಗಿಲ್ಲ ಬಿಡಿ.

ಕಾಡಿಗೆ_ಡಬ್ಬಿ

ಮಿಸ್ ಹೇಳಿದ ಉಲ್ಟಾ ದಾರಿಯೇ ನನಗೆ ಸರಿ ಅನ್ನಿಸುತ್ತಿದೆ. ಆದರೆ ವಾಟ್ಸಾಪ್ ಹೇಗೆ ಬದಲಿಸುವುದು? "ನಂಬರ್ ಬದಲಿಸಿ" ಅಂತ ಒಂದು ಆಯ್ಕೆ ಇದೆ, ಅದನ್ನೇ ಒತ್ತಬೇಕಾ?

ಕಾಲ್_ರೂಟು

ಬೇಡ, ಅದರಲ್ಲೇ ಜನ ಸಿಕ್ಕಿಬೀಳುವುದು. ಅದು ನಿಮ್ಮ ಈಗಿನ ಅಕೌಂಟನ್ನು ಹಾಗೇ ಎತ್ತಿ ಹೊಸ ನಂಬರಿನ ಮೇಲೆ ಕೂರಿಸುತ್ತದೆ. ಗ್ರೂಪ್‌ಗಳೂ ಜೊತೆಗೇ ಬರುತ್ತವೆ. ಒಬ್ಬೊಬ್ಬರಿಗೆ ತಿಳಿಸಬೇಕಾ ಬೇಡವಾ ಅಂತ ಕೇಳುತ್ತದೆ, ಆದರೆ ಗ್ರೂಪ್‌ಗಳಿಗೆ ಕೇಳದೆ ತಿಳಿಸುತ್ತದೆ. ನೀವು ಯಾವುದೋ "ಸ್ವಾತಿ ವೆಡ್ಸ್" ಗ್ರೂಪ್‌ನಲ್ಲಿ ಇನ್ನೂ ಇದ್ದೀರಿ ಅಂದುಕೊಳ್ಳಿ. ಅಲ್ಲಿದ್ದವರಿಗೆಲ್ಲ ನಿಮ್ಮ ಗುಟ್ಟಿನ ಹೊಸ ನಂಬರ್ ತಲುಪಿತು.

ನೀವು ಮಾಡಬೇಕಾದ್ದು ಇದು. ಮೊದಲು ಬ್ಯಾಕಪ್ ತಗೊಳ್ಳಿ. ವಾಟ್ಸಾಪ್ ಬಿಸಿನೆಸ್ ಹಾಕಿ, ಅದಕ್ಕೆ ಹಳೇ ನಂಬರ್ ಕೊಡಿ. ಅದೇ ಫೋನಿನಲ್ಲಿ ಹಳೇ ಚಾಟ್‌ಗಳನ್ನು ತರಲಾ ಅಂತ ಕೇಳುತ್ತದೆ, ಹೂಂ ಅನ್ನಿ. ಈಗ ಸಾದಾ ವಾಟ್ಸಾಪ್ ಖಾಲಿ. ಅದಕ್ಕೆ ಹೊಸ ನಂಬರ್ ಹಾಕಿ. ಮನೆ ಗ್ರೂಪ್‌ಗಳಿಗೆ ಹೊಸ ನಂಬರನ್ನು ಸೇರಿಸಿಕೊಂಡು ಹಳೇದರಿಂದ ಹೊರಬನ್ನಿ. ಎರಡಕ್ಕೂ ಟೂ-ಸ್ಟೆಪ್ ಪಿನ್. ಮತ್ತೆ ಹೊಸ ನಂಬರನ್ನು ಇನ್‌ಸ್ಟಾಗ್ರಾಂಗೆ ಯಾವತ್ತೂ ಕೊಡಬೇಡಿ, ಓಟಿಪಿಗೂ ಬೇಡ.

ಕಾಡಿಗೆ_ಡಬ್ಬಿ · ಎರಡು ವಾರದ ನಂತರ

ಮಾಡಿದೆ. ಹೇಗಾಯಿತು ಅಂತ ಹೇಳುತ್ತೇನೆ.

ಹೊಸ ಸಿಮ್ ನನ್ನ ಹೆಸರಲ್ಲೇ. ವಾಟ್ಸಾಪ್ ಬದಲಿಸಲು ಮುಕ್ಕಾಲು ಗಂಟೆ ಹಿಡಿಯಿತು, ಚಾಟ್ ಏನೂ ಹೋಗಲಿಲ್ಲ. ಕೆಲಸದ ವಾಟ್ಸಾಪ್‌ನಲ್ಲಿ ಡಿಪಿ ಈಗ ಬ್ರಶ್‌ಗಳ ಫೋಟೋ. ಗಿರಾಕಿಗಳಿಗೆ ಏನೂ ಬದಲಾದ ಹಾಗೇ ಅನ್ನಿಸಿಲ್ಲ, ಯಾರೂ ಕೇಳಲಿಲ್ಲ. ಹೆಸರಿನ ಯುಪಿಐ ಐಡಿ ಮಾಡಿ, ಹಳೇ ಸ್ಟಿಕ್ಕರನ್ನು ನೇಲ್ ಪಾಲಿಷ್ ರಿಮೂವರ್ ಹಾಕಿ ಕಿತ್ತೆ, ಹೊಸದು ಅಂಟಿಸಿದೆ.

ಎಡವಿದ್ದು ಮೂರು ಕಡೆ. ಮಗಳ ಸ್ಕೂಲ್ ಗ್ರೂಪ್ ಅಡ್ಮಿನ್ ಹೊಸ ನಂಬರ್ ಸೇರಿಸಲು ನಾಲ್ಕು ದಿನ ತಗೊಂಡರು. ಅಷ್ಟರಲ್ಲಿ ಒಂದು ಪಿಕ್‌ನಿಕ್ ಫೀ ಮೆಸೇಜ್ ತಪ್ಪಿಹೋಯಿತು. ಎರಡನೇದು, ರಾತ್ರಿ ಒಂಬತ್ತರ ಮೇಲೆ "ನಾಳೆ ಉತ್ತರಿಸುತ್ತೇನೆ" ಅಂತ ತಾನಾಗಿ ಹೋಗುವ ಮೆಸೇಜ್ ಇಟ್ಟಿದ್ದೆ. ಯಾರಿಗೂ ಹೋಗಲಿಲ್ಲ. ನೋಡಿದರೆ ನಾನು ಒಂಬತ್ತಕ್ಕೇ ನೆಟ್ ಆಫ್ ಮಾಡಿ ಮಲಗುತ್ತಿದ್ದೆ. ಫೋನಿನಲ್ಲಿ ಇಂಟರ್ನೆಟ್ ಇದ್ದರೆ ಮಾತ್ರ ಅದು ಹೋಗುತ್ತದಂತೆ. ಈಗ ನೆಟ್ ಬಿಟ್ಟು ಆ ಆ್ಯಪ್‌ನ ಸೌಂಡ್ ಮಾತ್ರ ಆಫ್ ಮಾಡುತ್ತೇನೆ, ಕೆಲಸದ ಸಿಮ್ಮನ್ನೂ ಸೆಟ್ಟಿಂಗ್‌ನಲ್ಲಿ ಆಫ್ ಮಾಡುತ್ತೇನೆ.

ಮೂರನೇದು ನಮ್ಮತ್ತೆ. ಗುಟ್ಟಿನ ನಂಬರ್ ಅಂತ ಮೂರು ಸಲ ಹೇಳಿದ್ದೆ. ಪಕ್ಕದ ಮನೆ ಮದುವೆಗೆ ಮೇಕಪ್ ಬೇಕು ಅಂದವರಿಗೆ ಸಂತೋಷದಿಂದ ಅದೇ ಕೊಟ್ಟಿದ್ದಾರೆ.

ಟ್ಯೂಷನ್_ಮಿಸ್_ಮೈಸೂರು

ಅತ್ತೆಯ ಫೋನಿನಲ್ಲಿ ಎರಡು ಹೆಸರಿನಲ್ಲಿ ಸೇವ್ ಮಾಡಿಕೊಡಿ. ಒಂದು "ಸೊಸೆ", ಇನ್ನೊಂದು "ಮೇಕಪ್ ಬೇಕಾದವರಿಗೆ". ನಾನು ನಮ್ಮಮ್ಮನಿಗೆ ಹಾಗೇ ಮಾಡಿದ್ದು.

ಪಾಸ್‌ಬುಕ್

ಬ್ಯಾಂಕ್ ನಂಬರ್ ಬದಲಿಸಿದಿರಾ ಮೇಡಂ?

ಕಾಡಿಗೆ_ಡಬ್ಬಿ

ಇಲ್ಲ ಸರ್. ಸೀಸನ್ ಮುಗಿಯಲಿ ಅಂತ. ಬದಲಿಸಿದರೆ ಯುಪಿಐ ಮತ್ತೆ ಮೊದಲಿನಿಂದ ಹಾಕಬೇಕಲ್ಲ?

ಪಾಸ್‌ಬುಕ್

ಹೌದು. ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಮಿತಿಯೂ ಇರುತ್ತದೆ. ಮುಹೂರ್ತದ ಹಿಂದಿನ ದಿನ ಮಾಡಬೇಡಿ.

ಟ್ಯೂಷನ್_ಮಿಸ್_ಮೈಸೂರು

ಮಾಡುವುದೇ ಬೇಡ ಅಂತ ನಾನು ಈಗಲೂ ಹೇಳುತ್ತೇನೆ.

ಸಪ್ತಪದಿ_ಸ್ಟುಡಿಯೋ

ನನ್ನ ಕಥೆ ಕೇಳಿ. ಅಂಗಡಿಯಲ್ಲಿ ನಂಬರ್ ಬೇರೆಯವರ ಹೆಸರಿಗೆ ಹೋಗಿದೆ, ಏನೂ ಮಾಡಲಾಗದು ಅಂದರು. ಆ ನಂಬರಿಗೆ ಫೋನ್ ಮಾಡಿದೆ. ಹಾಸನದ ಕಡೆಯ ಒಬ್ಬ ಯಜಮಾನರು ಎತ್ತಿದರು. "ಓ, ಫೋಟೋದವರಾ? ನಿಮ್ಮನ್ನು ಕೇಳಿಕೊಂಡು ಹದಿನಾಲ್ಕು ಜನ ಮಾಡಿದ್ದಾರೆ ಸ್ವಾಮಿ" ಅಂದರು. ಪುಣ್ಯಾತ್ಮರು ಎಲ್ಲರ ನಂಬರನ್ನೂ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ. ಫೋಟೋ ತೆಗೆದು ಕಳಿಸುತ್ತೇನೆ ಅಂದಿದ್ದಾರೆ. ವಾಟ್ಸಾಪ್ ಹಾಕಿಸಿಕೊಳ್ಳಲು ಮೊಮ್ಮಗ ಭಾನುವಾರ ಬರುತ್ತಾನಂತೆ.

ಕಾಲ್_ರೂಟು

ಅಂದರೆ ನಿಮಗೆ ಶನಿವಾರದವರೆಗೆ ಟೈಮ್ ಇದೆ. ಚಾಟ್‌ಗಳನ್ನು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.